ಊರಿಗೆ ಹೋಗುವಾಗ ಹಾಲು ನಿಲ್ಲಿಸುವುದು, ಮುಂಗಡದ ಲೆಕ್ಕ ಮುಗಿಸುವುದು

2024ರ ಚೌತಿಗೆ ಶಿರಸಿ ಹತ್ತಿರದ ತವರಿಗೆ ಹೋಗಿ, ಒಂದು ವಾರ ಬಿಟ್ಟು ಕಾರವಾರದ ಮನೆಗೆ ಬಂದೆ. ಗೇಟಿಗೆ ತೂಗು ಹಾಕಿದ್ದ ಹಾಲಿನ ಚೀಲ ಉಬ್ಬಿಕೊಂಡಿತ್ತು. ಒಳಗೆ ಆರು ಪ್ಯಾಕೆಟ್. ಎರಡು ಒಡೆದಿದ್ದವು, ಉಳಿದವು ಬಲೂನಿನ ಹಾಗೆ ಊದಿದ್ದವು. ವಾಸನೆಗೆ ಪಕ್ಕದ ಮನೆಯ ಬೆಕ್ಕೂ ಹತ್ತಿರ ಬರುತ್ತಿರಲಿಲ್ಲ. ಮೂರು ದಿನ ಹಾಕಿ, ಚೀಲ ತುಂಬಿದ ಮೇಲೆ ಹುಡುಗನಿಗೆ ಅನುಮಾನ ಬಂದು ನಿಲ್ಲಿಸಿದ್ದ. ಏಜೆಂಟರ ಪುಸ್ತಕದಲ್ಲಿ ಮಾತ್ರ ಏಳೂ ದಿನದ ಹಾಲು ಬರೆದಿತ್ತು.

ನಾನು ಹೇಳಿರಲಿಲ್ಲವಾ? ಹೇಳಿದ್ದೆ. ಹೊರಡುವ ದಿನ ಬೆಳಿಗ್ಗೆ ಪ್ಯಾಕೆಟ್ ತಂದ ಹುಡುಗನಿಗೆ, ‘ನಾಳೆಯಿಂದ ಒಂದು ವಾರ ಬೇಡ ಮಾರಾಯ’ ಅಂದಿದ್ದೆ. ಅವನು ತಲೆ ಆಡಿಸಿ ಸೈಕಲ್ ಹತ್ತಿದ್ದ. ಮರುದಿನದಿಂದ ಅವನೂ ಹಬ್ಬಕ್ಕೆ ಊರಿಗೆ ಹೋದ. ಬದಲಿಗೆ ಬಂದವನಿಗೆ ನನ್ನ ಮಾತು ಹೇಗೆ ಗೊತ್ತಾಗಬೇಕು? ಏಜೆಂಟರ ಜೊತೆ ಅರ್ಧ ತಾಸು ಮಾತಾಡಿ, ಕೊನೆಗೆ ಅರ್ಧ ದುಡ್ಡು ಅವರು ಬಿಟ್ಟರು, ಅರ್ಧ ನಾನು ಬಿಟ್ಟೆ. ಆಮೇಲೆ ಈ ಕೆಲಸವನ್ನು ಸರಿಯಾಗಿ ಮಾಡುವುದು ಕಲಿತೆ. ಕಳೆದ ವರ್ಷ ಮಗಳು ಬೆಂಗಳೂರಿನ ರೂಮು ಖಾಲಿ ಮಾಡಿದಾಗ ಅವಳ ಹಾಲಿನ ಆ್ಯಪನ್ನೂ ಹೀಗೇ ಮುಗಿಸಿದೆವು. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಯಾರಿಗೆ ಹೇಳಬೇಕು, ಎಷ್ಟು ಹೊತ್ತಿಗೆ

ಪ್ಯಾಕೆಟ್ ಹಾಲು ಬೆಳಿಗ್ಗೆ ನಮ್ಮ ಗೇಟಿಗೆ ಬರುವುದಕ್ಕೆ ಹಿಂದಿನ ದಿನವೇ ಲೆಕ್ಕ ಆಗಿರುತ್ತದೆ. ನಾಳೆ ಎಷ್ಟು ನೀಲಿ, ಎಷ್ಟು ಬೇರೆ ಬಣ್ಣದ ಪ್ಯಾಕೆಟ್ ಬೇಕು ಅಂತ ಏಜೆಂಟರು ಬರೆದು ಕಳಿಸುತ್ತಾರೆ. ಇದಕ್ಕೆ ಇಂಡೆಂಟ್ ಅನ್ನುತ್ತಾರೆ. ಇಂಡೆಂಟ್ ಹೋಯಿತು ಅಂದರೆ ಅಷ್ಟು ಹಾಲನ್ನು ಏಜೆಂಟರು ಎತ್ತಲೇಬೇಕು, ದುಡ್ಡು ಕೊಡಲೇಬೇಕು. ಸೋರುವ ಪ್ಯಾಕೆಟ್ ಬದಲಿಸಿ ಸಿಗಬಹುದು. ಗಿರಾಕಿ ಬೇಡ ಅಂದ ಪ್ಯಾಕೆಟನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ರಾತ್ರಿ ಎಂಟಕ್ಕೆ ಫೋನ್ ಮಾಡಿ ‘ನಾಳೆ ಬೇಡ’ ಅಂದರೆ ಅವರು ಮುಖ ಸಣ್ಣ ಮಾಡುವುದು ಇದಕ್ಕೇ. ‘ಎಂತ ಮಾಡುದು ಅಕ್ಕೋರೆ, ಇಂಡೆಂಟ್ ಮಧ್ಯಾಹ್ನವೇ ಹೋಯ್ತಲ್ಲ’ ಅಂತ ನಮ್ಮ ಏಜೆಂಟರು ಹೇಳಿದಾಗ ಮೊದಲು ನನಗೆ ಅದು ನೆಪ ಅನ್ನಿಸಿತ್ತು. ನೆಪ ಅಲ್ಲ. ನಮ್ಮ ಕಡೆ ಇಂಡೆಂಟ್ ಹೋಗುವುದು ಮಧ್ಯಾಹ್ನ 12ರ ಸುಮಾರಿಗೆ. ನಿಮ್ಮಲ್ಲಿ ಎಷ್ಟು ಹೊತ್ತಿಗೆ ಅಂತ ಒಮ್ಮೆ ಕೇಳಿಟ್ಟುಕೊಳ್ಳಿ. ನಿಲ್ಲಿಸುವುದಕ್ಕೂ ಮತ್ತೆ ಶುರು ಮಾಡುವುದಕ್ಕೂ ಅದೇ ಗಡಿಯಾರ.

ಹಾಗಾಗಿ ಹೇಳಬೇಕಾದದ್ದು ಏಜೆಂಟರಿಗೆ. ಹುಡುಗನಿಗೂ ಹೇಳಿ, ತಪ್ಪಿಲ್ಲ. ಆದರೆ ಅವನು ಪುಸ್ತಕ ಬರೆಯುವವನಲ್ಲ. ಎರಡು ದಿನ ಮೊದಲೇ ಹೇಳಿದರೆ ಒಳ್ಳೆಯದು. ಚೌತಿ, ದೀಪಾವಳಿ, ಶಿರಸಿ ಜಾತ್ರೆಯ ಹೊತ್ತಿಗೆ ಅವರಿಗೆ ಒಂದೇ ದಿನ ಇಪ್ಪತ್ತು ಮನೆಯವರು ಫೋನ್ ಮಾಡಿರುತ್ತಾರೆ. ಅರ್ಧ ಜನ ಬೇಡ ಅನ್ನುವವರು, ಅರ್ಧ ಜನ ನೆಂಟರು ಬಂದಿದ್ದಾರೆ ಜಾಸ್ತಿ ಬೇಕು ಅನ್ನುವವರು. ಬಾಯಲ್ಲಿ ಹೇಳಿದ್ದು ಅಲ್ಲೇ ಕಳೆದುಹೋಗುತ್ತದೆ.

ಫೋನಲ್ಲಿ ಮಾತಾಡಿದ ಮೇಲೆ ಒಂದು ವಾಟ್ಸಾಪ್ ಮೆಸೇಜ್ ಹಾಕಿಬಿಡಿ. ‘ನಾಳೆಯಿಂದ’, ‘ಒಂದು ವಾರ’ ಅಂತೆಲ್ಲ ಬರೆಯಬೇಡಿ. ಮೆಸೇಜನ್ನು ಅವರು ಮರುದಿನ ಓದಿದರೆ ‘ನಾಳೆ’ಯೇ ಬೇರೆ ಆಗುತ್ತದೆ. ‘25ರಿಂದ ಬೇಡ’ ಅಂದರೂ 25ರ ಹಾಲು ಬೇಕೋ ಬೇಡವೋ ಅಂತ ಗೊಂದಲ. ಕೊನೆಯ ಹಾಲು ಯಾವ ದಿನ, ಮತ್ತೆ ಮೊದಲ ಹಾಲು ಯಾವ ದಿನ, ಇವೆರಡನ್ನು ಬರೆದರೆ ಸಂಶಯವೇ ಇಲ್ಲ. ನಾನು 2025ರ ಚೌತಿಗೆ ಹಾಕಿದ ಮೆಸೇಜ್ ಹೀಗಿತ್ತು:

‘ಕೊನೆಯ ಹಾಲು ಆಗಸ್ಟ್ 25 ಸೋಮವಾರ ಬೆಳಿಗ್ಗೆ. ಮತ್ತೆ ಶುರು ಸೆಪ್ಟೆಂಬರ್ 3 ಬುಧವಾರ ಬೆಳಿಗ್ಗೆ. ನಡುವೆ 8 ದಿನ ಬೇಡ. ದಿನಕ್ಕೆ ಎಂದಿನಂತೆ ಅರ್ಧ ಲೀಟರಿನ 2 ಪ್ಯಾಕೆಟ್. ಸಿಕ್ಕಿತು ಅಂತ ಒಂದು ಮಾತು ಬರೆಯಿರಿ.’

ವಾರದ ಹೆಸರು ಹಾಕುವುದು ಸುಮ್ನೆ ಅಲ್ಲ. ತಾರೀಖು ತಪ್ಪಾಗಿ ಒತ್ತಿದ್ದರೆ ವಾರ ಹಿಡಿದುಕೊಡುತ್ತದೆ. ಕೊನೆಯ ಸಾಲಿಗೆ ಉತ್ತರ ಬರುವ ತನಕ ಕೆಲಸ ಮುಗಿಯಲಿಲ್ಲ ಅಂತಲೇ ತಿಳಿಯಿರಿ. ನೀಲಿ ಗೆರೆ ಬಿದ್ದರೆ ಓದಿದರು ಅಂತ ಅಷ್ಟೇ, ಪುಸ್ತಕದಲ್ಲಿ ಬರೆದರು ಅಂತ ಅಲ್ಲ.

ಕೊನೆಯ ಹಾಲು ಬಂದ ಮೇಲೆ ಗೇಟಿನ ಚೀಲ ತೆಗೆದು ಒಳಗಿಡಿ. ಚೀಲ ಕಾಣದಿದ್ದರೆ ಹೊಸ ಹುಡುಗನೂ ಒಂದು ಕ್ಷಣ ನಿಂತು ಯೋಚಿಸುತ್ತಾನೆ. ‘ಊರಲ್ಲಿಲ್ಲ, ಹಾಲು ಬೇಡ’ ಅಂತ ಚೀಟಿ ಮಾತ್ರ ಅಂಟಿಸಬೇಡಿ. ಅದನ್ನು ಓದುವವರು ಹಾಲಿನ ಹುಡುಗ ಒಬ್ಬನೇ ಅಲ್ಲ.

ವಾಪಸ್ ಬರುವ ದಿನ ಆಚೀಚೆ ಆದರೆ? ಮರುದಿನ ಬೆಳಿಗ್ಗೆ ಹಾಲು ಬೇಡ ಅಂತಿದ್ದರೆ ಇಂದು ಮಧ್ಯಾಹ್ನದೊಳಗೆ ತಿಳಿಸಬೇಕು. ಶಿರಸಿಯಿಂದ ಹೊರಟು ದೇವಿಮನೆ ಘಟ್ಟ ಇಳಿಯುವಾಗ ನೆನಪಾದರೆ ಉಪಯೋಗ ಇಲ್ಲ, ಅಲ್ಲಿ ನನ್ನ ಫೋನಿಗೆ ಸಿಗ್ನಲ್ ಇರುವುದಿಲ್ಲ. ನಾನಂತೂ ಬಸ್ ಹತ್ತುವ ಮೊದಲೇ ಫೋನ್ ಮಾಡುತ್ತೇನೆ.

ಮುಂಗಡದ ಲೆಕ್ಕ

ನಮ್ಮ ಏಜೆಂಟರಿಗೆ ತಿಂಗಳ ಒಂದನೇ ತಾರೀಖಿಗೆ ಮುಂಗಡ ಕೊಡುತ್ತೇವೆ. ಹೆಚ್ಚಿನ ಮನೆಯವರು ಏನು ಮಾಡುತ್ತಾರೆ ಅಂದರೆ, ರಜೆಯ ದಿನ ಎಷ್ಟು ಅಂತ ಎಣಿಸಿ ಅಷ್ಟು ಕಳೆಯಿರಿ ಅನ್ನುತ್ತಾರೆ. ಅದರಲ್ಲೇ ಜಗಳ ಹುಟ್ಟುವುದು. ಬಾರದ ಹಾಲನ್ನು ಎಣಿಸುವುದಕ್ಕಿಂತ ಬಂದ ಹಾಲನ್ನು ಎಣಿಸಿ. ಕೊಟ್ಟ ದುಡ್ಡಿನಲ್ಲಿ ಬಂದ ಹಾಲಿನ ದುಡ್ಡು ಕಳೆದರೆ ಉಳಿದದ್ದು ನಿಮ್ಮದು. ರಜೆ, ಮಳೆ, ಹುಡುಗ ತಪ್ಪಿಸಿದ ದಿನ, ಎಲ್ಲ ಅದರಲ್ಲೇ ಬಂದುಹೋಗುತ್ತದೆ.

ಇದಕ್ಕೆ ಅಡುಗೆಮನೆಯ ಕ್ಯಾಲೆಂಡರ್ ಸಾಕು. ಪ್ರತಿ ದಿನ ಬರೆಯುವ ಕಷ್ಟ ಬೇಡ. ಎಂದಿನ ಹಾಗೆ ಬಂದ ದಿನ ಏನೂ ಬರೆಯಬೇಡಿ. ಹೆಚ್ಚು ಕಡಿಮೆ ಆದ ದಿನ ಮಾತ್ರ ‘+2’, ‘-1’, ‘0’ ಅಂತ ಗುರುತು ಹಾಕಿ.

ನನ್ನ 2025ರ ಆಗಸ್ಟ್ ಲೆಕ್ಕವನ್ನೇ ನೋಡಿ. ಎಣಿಸಲು ಸುಲಭ ಆಗಲಿ ಅಂತ ಪ್ಯಾಕೆಟಿಗೆ 25 ರೂಪಾಯಿ ಅಂತ ಹಿಡಿಯುತ್ತೇನೆ. ದಿನಕ್ಕೆ ಎರಡು, ಅಂದರೆ 50 ರೂಪಾಯಿ. ಒಂದನೇ ತಾರೀಖಿಗೆ 1,500 ಕೊಟ್ಟಿದ್ದೆ. 1ರಿಂದ 25ರವರೆಗೆ 25 ದಿನ ಹಾಲು ಬಂತು, 1,250 ಆಯಿತು. ಕ್ಯಾಲೆಂಡರಿನಲ್ಲಿ ಎರಡು ಗುರುತು ಇದ್ದವು. 12ರಂದು ಒಂದು ಪ್ಯಾಕೆಟ್ ಸೋರಿತ್ತು, ಬದಲಿ ಬರಲಿಲ್ಲ: 25 ಕಡಿಮೆ. ಅಷ್ಟಮಿಗೆ ಪಾಯಸಕ್ಕೆ ಎರಡು ಜಾಸ್ತಿ ತೆಗೆದುಕೊಂಡಿದ್ದೆ: 50 ಹೆಚ್ಚು. ಒಟ್ಟು ಬಂದ ಹಾಲು 1,275 ರೂಪಾಯಿಯದು. ಉಳಿದದ್ದು 225.

ಈ 225ನ್ನು ವಾಪಸ್ ಕೇಳಲಿಲ್ಲ. ಕೇಳಿದರೆ ‘ಚಿಲ್ಲರೆ ಇಲ್ಲ, ಮುಂದಿನ ತಿಂಗಳಿಗೆ ಹಿಡಿಯುವ’ ಅನ್ನುತ್ತಾರೆ, ಅದು ಬರೀ ಬಾಯಿಮಾತಾಗುತ್ತದೆ. ನಾನು ಮುಂಗಡದ ತಾರೀಖನ್ನೇ ಮುಂದೂಡಿದೆ. ಸೆಪ್ಟೆಂಬರ್ 3ಕ್ಕೆ ಹಾಲು ಶುರು. 3, 4, 5, 6, ನಾಲ್ಕು ದಿನಕ್ಕೆ 200 ಹೋಯಿತು. ಉಳಿದ 25ಕ್ಕೆ 7ನೇ ತಾರೀಖಿನ ಒಂದು ಪ್ಯಾಕೆಟ್. ‘ಅಡ್ವಾನ್ಸ್ 7ಕ್ಕೆ ಕೊಡುತ್ತೇನೆ, ಆ ದಿನದ ಒಂದು ಪ್ಯಾಕೆಟ್ ಹಳೆಯ ಲೆಕ್ಕಕ್ಕೆ’ ಅಂತ ಹೊರಡುವ ಮೊದಲೇ ಮೆಸೇಜ್ ಹಾಕಿದೆ. ಅವರು ‘ಓಕೆ ಅಕ್ಕೋರೆ’ ಅಂದರು. ಅಷ್ಟೇ.

ಇಲ್ಲಿ ಒಂದು ಕಡೆ ಎಡವುತ್ತೇವೆ. ಒಂದನೇ ತಾರೀಖು ಬಂತು ಅಂತ ಊರಿಂದಲೇ ಅಭ್ಯಾಸಬಲದಿಂದ 1,500 ಫೋನ್‌ಪೇ ಮಾಡಿಬಿಟ್ಟರೆ ಹಳೆಯ 225 ಹೊಸ ದುಡ್ಡಿನೊಳಗೆ ಕಲಸಿಹೋಗುತ್ತದೆ. ಎರಡು ತಿಂಗಳು ಕಳೆದ ಮೇಲೆ ಅದು ಇತ್ತು ಅಂತ ಇಬ್ಬರಿಗೂ ನೆನಪಿರುವುದಿಲ್ಲ. ಹಳೆಯದು ಮುಗಿದ ಮೇಲೆಯೇ ಹೊಸ ಮುಂಗಡ ಕೊಡಿ.

ದರ ಏರಿದಾಗಲೂ ಲೆಕ್ಕ ತಪ್ಪುತ್ತದೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ನಮ್ಮ ಮನೆಗೆ ದಿನಕ್ಕೆ ಒಂದು ಲೀಟರ್. ಹಳೆಯ ಮುಂಗಡದಲ್ಲಿ ಹತ್ತು ದಿನದ ಹಾಲು ಉಳಿದಿದ್ದರೆ 40 ರೂಪಾಯಿ ವ್ಯತ್ಯಾಸ. ಕೊಟ್ಟಿದ್ದು ಹತ್ತು ದಿನದ ಹಾಲಿಗೆ ಅಂತ ನಾವು, ಕೊಟ್ಟಿದ್ದು ಇಷ್ಟು ರೂಪಾಯಿ ಅಂತ ಅವರು. ನನ್ನ ಪ್ರಕಾರ ಏಜೆಂಟರು ಹೇಳುವುದು ಸರಿ. ಅವರೂ ಏಪ್ರಿಲ್ 1ರಿಂದ ಹೊಸ ದರವನ್ನೇ ಕಟ್ಟಿದ್ದಾರೆ. ಹಾಗಾಗಿ ಬಾಕಿಯನ್ನು ಯಾವಾಗಲೂ ರೂಪಾಯಿಯಲ್ಲಿ ಬರೆದಿಡಿ, ‘ಹತ್ತು ದಿನ ಬಾಕಿ’ ಅಂತ ಅಲ್ಲ.

ಪೂರ್ತಿ ನಿಲ್ಲಿಸುವುದಾದರೆ

ಕೈಗಾದಲ್ಲೋ ನೌಕಾನೆಲೆಯಲ್ಲೋ ಕೆಲಸ ಮಾಡುವವರಿಗೆ ವರ್ಗ ಆಗುತ್ತಲೇ ಇರುತ್ತದೆ. ಹಾಗಾಗಿ ಕಾರವಾರದ ಏಜೆಂಟರಿಗೆ ಮನೆ ಬಿಡುವವರು ಹೊಸದಲ್ಲ. ಆದರೆ ಸಾಮಾನು ಲಾರಿಗೆ ಏರಿಸುವ ದಿನ ಗೇಟಿನಲ್ಲಿ ನಿಂತು 600 ರೂಪಾಯಿ ವಾಪಸ್ ಕೇಳಿದರೆ ಅವರ ಕೈಯಲ್ಲಿ ಇರುವುದಿಲ್ಲ. ಆ ದುಡ್ಡು ಹಾಲಿಗೆ ಕಟ್ಟಿ ಆಗಿರುತ್ತದೆ.

ಹೋಗುವುದು ಗೊತ್ತಾದ ತಿಂಗಳು ಪೂರ್ತಿ ಮುಂಗಡ ಕೊಡಲೇಬೇಡಿ. 20ಕ್ಕೆ ಹೋಗುವುದಾದರೆ 20 ದಿನದ್ದು ಕೊಡಿ. ಕೊಟ್ಟಾಗಿದ್ದರೆ ಕುಡಿದು ಮುಗಿಸುವ ದಾರಿ ನೋಡಿ. ಕೊನೆಯ ವಾರ ಒಂದೆರಡು ಪ್ಯಾಕೆಟ್ ಜಾಸ್ತಿ ತೆಗೆದುಕೊಳ್ಳಬಹುದು, ಏಜೆಂಟರ ಅಂಗಡಿಯಲ್ಲಿ ಮೊಸರು, ತುಪ್ಪ ಇದ್ದರೆ ಅದಕ್ಕೆ ಹೊಂದಿಸಬಹುದು. ಪಕ್ಕದ ಮನೆಗೂ ಅದೇ ಏಜೆಂಟರು ಹಾಲು ಹಾಕುತ್ತಿದ್ದರೆ ಇನ್ನೂ ಸುಲಭ. ಬಾಕಿಯನ್ನು ಅವರ ಲೆಕ್ಕಕ್ಕೆ ಬದಲಿಸಿ, ಅವರಿಂದ ನೀವು ದುಡ್ಡು ತೆಗೆದುಕೊಳ್ಳಿ. ಮೂವರಿಗೂ ಗೊತ್ತಾಗುವ ಹಾಗೆ ಒಂದೇ ಮೆಸೇಜ್ ಹಾಕಿ.

ಪ್ಯಾಕೆಟ್ ಅಲ್ಲದೆ ಯಾರದೋ ಮನೆಯಿಂದ ಹಸುವಿನ ಹಾಲು, ಎಮ್ಮೆ ಹಾಲು ತರಿಸುತ್ತಿದ್ದರೆ ಒಂದು ವಾರವಾದರೂ ಮೊದಲು ಹೇಳಿ. ಶಿರಸಿ ಕಡೆ ಇಂಥ ಮನೆಗಳು ಬಹಳ. ನೀವು ಊರಿಗೆ ಹೋದಿರಿ ಅಂತ ಹಸು ಹಾಲು ಕೊಡುವುದು ನಿಲ್ಲಿಸುವುದಿಲ್ಲ. ಅವರು ಬೇರೆ ಗಿರಾಕಿ ಹುಡುಕಬೇಕು, ಇಲ್ಲವೇ ಡೇರಿಗೆ ಹಾಕಬೇಕು, ಅಲ್ಲಿ ಸಿಗುವ ದರ ನೀವು ಕೊಡುವುದಕ್ಕಿಂತ ಕಡಿಮೆ. ಅವರ ಕ್ಯಾನ್, ಬಾಟಲಿ ನಿಮ್ಮಲ್ಲಿ ಉಳಿದಿದ್ದರೆ ತೊಳೆದು ಕೊಟ್ಟು, ಆಮೇಲೆ ಬಾಕಿ ಮಾತಾಡಿ.

ತರಕಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬುಟ್ಟಿ ಹೊತ್ತು ಮನೆ ಬಾಗಿಲಿಗೆ ಬರುವ ಹೆಂಗಸರ ಹತ್ತಿರ ಮುಂಗಡ ಇರುವುದಿಲ್ಲ, ಉದ್ರಿ ಇದ್ದರೆ ಇರಬಹುದು, ಅದನ್ನು ಕೊಟ್ಟು ಹೋಗಿ. ವಾರಕ್ಕೊಮ್ಮೆ ತರಕಾರಿ ಚೀಲ ಕಳಿಸುವ ವ್ಯವಸ್ಥೆ ಇದ್ದರೆ ಅವರು ಖರೀದಿಗೆ ಹೋಗುವ ದಿನ ಯಾವುದು ಅಂತ ಕೇಳಿ. ಕಳಿಸುವ ದಿನ ಅಲ್ಲ, ಖರೀದಿಯ ದಿನ. ಅದರ ಹಿಂದಿನ ದಿನ ತಿಳಿಸಿದರೆ ಆ ವಾರದ್ದು ಉಳಿಯುತ್ತದೆ. ಚೀಲಕ್ಕೆ ಇಷ್ಟು ಅಂತ ತಿಂಗಳ ದುಡ್ಡು ಕಟ್ಟಿದ್ದರೆ, ಬಿಟ್ಟ ವಾರ ಮುಂದಕ್ಕೆ ಹೋಗುತ್ತದೋ ಸುಮ್ಮನೆ ಹೋಗುತ್ತದೋ ಅಂತ ಕಟ್ಟುವಾಗಲೇ ಕೇಳಬೇಕು.

ಆ್ಯಪ್ ಇದ್ದರೆ

ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳ ಮನೆಗೆ ಹಾಲು ಬರುವುದು ಆ್ಯಪ್ ಮೂಲಕ. ರಜೆಗೆ ನಿಲ್ಲಿಸುವುದು ಇಲ್ಲಿ ಸುಲಭ. `Vacation` ಅಥವಾ `Pause` ಅಂತ ಇರುತ್ತದೆ, ಎರಡು ತಾರೀಖು ಕೊಟ್ಟರಾಯಿತು. ಆದರೂ ಹಿಂದಿನ ರಾತ್ರಿ ಇಷ್ಟು ಗಂಟೆಯೊಳಗೆ ಅಂತ ಗಡಿ ಇದ್ದೇ ಇರುತ್ತದೆ. ನೀವು ಕೊಟ್ಟ ಕೊನೆಯ ತಾರೀಖಿನಂದು ಹಾಲು ಬರುತ್ತದೋ ಮರುದಿನದಿಂದಲೋ ಅನ್ನುವುದೂ ಒಂದೊಂದು ಆ್ಯಪಿನಲ್ಲಿ ಒಂದೊಂದು ಥರ. ತಾರೀಖು ಹಾಕಿದ ಮೇಲೆ ಅದೇ ಆ್ಯಪಿನ ಕ್ಯಾಲೆಂಡರ್ ತೆರೆದು, ಯಾವ ದಿನದ ಮೇಲೆ ಹಾಲಿನ ಗುರುತು ಉಳಿದಿದೆ ಅಂತ ನೋಡಿ. ಹಾಲು ಒಂದು, ಬ್ರೆಡ್ ಇನ್ನೊಂದು ಅಂತ ಎರಡು ಆರ್ಡರ್ ಇದ್ದರೆ ಎರಡೂ ನಿಂತಿವೆಯಾ ನೋಡಬೇಕು.

ಪೂರ್ತಿ ಮುಗಿಸುವುದು ಬೇರೆ ಕಥೆ. ಮಗಳ ಪ್ರಕರಣವನ್ನೇ ಹೇಳುತ್ತೇನೆ. ಅವಳಿಗೆ ದಿನಕ್ಕೆ ಅರ್ಧ ಲೀಟರ್. ರೂಮು ಬಿಡುವುದು 31ಕ್ಕೆ. 18ರ ರಾತ್ರಿ ನೋಡಿದಾಗ ವ್ಯಾಲೆಟ್‌ನಲ್ಲಿ 862 ರೂಪಾಯಿ ಇತ್ತು. ‘ಸಾಕು ಅಮ್ಮ, ಕುಡಿದು ಮುಗಿಸ್ತೇನೆ’ ಅಂದಳು. ‘ಆಟೊ ರೀಚಾರ್ಜ್ ಇದೆಯಾ?’ ಅಂತ ಕೇಳಿದೆ. ಇತ್ತು. 200ಕ್ಕಿಂತ ಕೆಳಗೆ ಇಳಿದ ಕೂಡಲೇ ಬ್ಯಾಂಕಿನಿಂದ 1,000 ಎಳೆದುಕೊಳ್ಳುವ ಏರ್ಪಾಡು. ಅವಳು ಕುಡಿದು ಕುಡಿದು ಬಾಕಿ ಇಳಿಸಿದಷ್ಟೂ ಹೊಸ ಸಾವಿರಕ್ಕೆ ಹತ್ತಿರ ಆಗುತ್ತಿದ್ದಳು!

ಆದ್ದರಿಂದ ಮೊದಲ ಕೆಲಸ ಆಟೊ ರೀಚಾರ್ಜ್ ತೆಗೆಯುವುದು. ಹಾಲಿನ ಆ್ಯಪಿನಲ್ಲಿ ತೆಗೆದರೆ ಸಾಲದು. ನಿಮ್ಮ ಯುಪಿಐ ಆ್ಯಪಿನಲ್ಲಿ `AutoPay` ಅನ್ನುವ ಜಾಗ ಇರುತ್ತದೆ, ನೀವು ಒಪ್ಪಿಗೆ ಕೊಟ್ಟ ಎಲ್ಲವೂ ಅಲ್ಲಿ ಸಾಲಾಗಿ ಕಾಣುತ್ತವೆ. ಹಾಲಿನದ್ದನ್ನು ಹುಡುಕಿ ರದ್ದು ಮಾಡಿ, ಪಿನ್ ಒತ್ತಿ. ಅಲ್ಲಿ ಎರಡು ಆಯ್ಕೆ ಇದ್ದರೆ ತಾತ್ಕಾಲಿಕ ತಡೆ ಬೇಡ, ಪೂರ್ತಿ ರದ್ದನ್ನೇ ಆರಿಸಿ. ಇಂಥ ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅಂಥ ಮೆಸೇಜ್ ಬಂತು ಅಂದರೆ ಒಪ್ಪಿಗೆ ಇನ್ನೂ ಜೀವಂತ ಇದೆ ಅಂತಲೇ ಅರ್ಥ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಇದ್ಯಾವುದೂ ನಿಲ್ಲುವುದಿಲ್ಲ. ಹಾಲೂ ಬರುತ್ತದೆ, ದುಡ್ಡೂ ಹೋಗುತ್ತದೆ, ನೋಡುವುದಕ್ಕೆ ಆ್ಯಪ್ ಮಾತ್ರ ಇರುವುದಿಲ್ಲ.

ಎರಡನೆಯದು, ಹಾಲಿನ ಆರ್ಡರಿಗೆ ಕೊನೆಯ ದಿನ ಹಾಕುವುದು. 30ರ ಬೆಳಿಗ್ಗೆ ಕೊನೆಯ ಹಾಲು ಅಂತ ಹಾಕಿದೆವು. 19ರಿಂದ 30ರವರೆಗೆ 12 ದಿನ. ಹಾಲು 25, ಅದರ ಮೇಲೆ ದಿನಕ್ಕೆ 3 ರೂಪಾಯಿ ತಂದುಕೊಡುವ ಶುಲ್ಕ. ಈ ಮೂರನ್ನು ಮರೆತರೆ ಲೆಕ್ಕ ಕೂಡುವುದೇ ಇಲ್ಲ. 28 ಗುಣಿಸು 12, 336. ಉಳಿಯುವುದು 526.

ಈಗ 526ನ್ನು ವಾಪಸ್ ಕೇಳುವುದಾ, ಖರ್ಚು ಮಾಡುವುದಾ? ಅದಕ್ಕೆ ಮೊದಲು ವ್ಯಾಲೆಟ್ಟಿನ ಪೂರ್ತಿ ಲೆಕ್ಕ ತೆರೆದು ನೋಡಿದೆವು. ಅದರಲ್ಲಿ 100 ರೂಪಾಯಿ ರೀಚಾರ್ಜ್ ಮಾಡಿದಾಗ ಸಿಕ್ಕ ಬೋನಸ್. ಕೆಲವು ಆ್ಯಪ್ ಬೋನಸನ್ನು ಮೊದಲು ಖರ್ಚು ಮಾಡುತ್ತವೆ, ಕೆಲವು ಕೊನೆಗೆ ಉಳಿಸುತ್ತವೆ. ಇದು ಕೊನೆಗೆ ಉಳಿಸುವ ಜಾತಿ. ವಾಪಸ್ ಕೇಳಿದರೆ 426 ಬರುತ್ತಿತ್ತು, ಬೋನಸ್ ಹೋಗುತ್ತಿತ್ತು. ಸಾಮಾನು ಕೊಂಡರೆ ಪೂರ್ತಿ 526ರದ್ದೂ ಸಿಗುತ್ತದೆ.

ವಾಪಸ್ ಕೇಳುವ ದಾರಿ ಹೀಗಿದೆ. ಆ್ಯಪಿನ ಸಹಾಯದ ಜಾಗದಲ್ಲಿ ಖಾತೆ ಮುಚ್ಚುತ್ತಿದ್ದೇನೆ, ಬಾಕಿ ಇಷ್ಟು, ಕಟ್ಟಿದ ಖಾತೆಗೇ ವಾಪಸ್ ಹಾಕಿ ಅಂತ ಬರೆಯಬೇಕು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಬಾಕಿ ಕಾಣುವ ಪರದೆಯ ಫೋಟೊ, ರೀಚಾರ್ಜ್ ಮಾಡಿದ ದಿನದ ಯುಪಿಐ ವಿವರ ಎರಡನ್ನೂ ತೆಗೆದಿಡಬೇಕು. ಖಾತೆ ಮುಚ್ಚಿದ ಮೇಲೆ ಲೆಕ್ಕ ತೆರೆಯುವುದಿಲ್ಲ, ಹಾಗಾಗಿ ದುಡ್ಡು ಬಂದ ಮೇಲೆಯೇ ಮುಚ್ಚಿ. ಇಂಥ ವ್ಯಾಲೆಟ್ಟುಗಳು ಅದೇ ಕಂಪನಿಯ ಸಾಮಾನಿಗೆ ಮಾತ್ರ ನಡೆಯುವಂಥವು. ಎಟಿಎಂನಲ್ಲಿ ತೆಗೆಯುವ ಹಾಗೆ ಬೇಕೆಂದಾಗ ನಗದು ಮಾಡಲು ಬರುವುದಿಲ್ಲ. ವಾಪಸ್ ಕೊಡುವುದು ಕಂಪನಿ ಬರೆದಿಟ್ಟ ಷರತ್ತಿನ ಪ್ರಕಾರ. ಷರತ್ತಿನಲ್ಲಿ ಕೊಡುತ್ತೇವೆ ಅಂತಿದ್ದೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು. ದೂರಿನ ಸಂಖ್ಯೆಯೂ ಆ ಫೋಟೊಗಳೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಇನ್ನೂರು ಮುನ್ನೂರು ರೂಪಾಯಿಗೆ ಗ್ರಾಹಕರ ಆಯೋಗದವರೆಗೆ ಹೋಗುವುದು ನನಗಂತೂ ದಂಡ ಅನ್ನಿಸುತ್ತದೆ.

ನಾವು ಖರ್ಚು ಮಾಡುವುದೇ ಸರಿ ಅಂದುಕೊಂಡೆವು. ಅವಳು 340 ರೂಪಾಯಿಯ ತುಪ್ಪದ ಬಾಟಲಿ ತರಿಸಿದಳು, ಅದು ಪ್ರಯಾಣಕ್ಕೂ ಕೆಡುವುದಿಲ್ಲ. 186 ಉಳಿಯಿತು. ಅದರಲ್ಲಿ ಕಾಫಿಪುಡಿ, ಒಂದು ಪೊಟ್ಟಣ ಗೋಡಂಬಿ, ಸೇರಿ 180. ಇವನ್ನು 29ರ ಹಾಲಿನ ಜೊತೆಗೇ ತರಿಸಿದಳು, ಬೇರೆ ಶುಲ್ಕ ಬೀಳಬಾರದು ಅಂತ. 30ರಂದು ಕೊನೆಯ ಹಾಲು ಬಂತು. 31ರ ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ಏನೂ ಇಲ್ಲ ಅಂತ ಖಚಿತ ಮಾಡಿಕೊಂಡು ಬೀಗದ ಕೈ ಮಾಲೀಕರಿಗೆ ಕೊಟ್ಟಳು. ವ್ಯಾಲೆಟ್ಟಿನಲ್ಲಿ 6 ರೂಪಾಯಿ ಇದೆ. ಅದನ್ನು ವಾಪಸ್ ಕೇಳಲಾ ಅಂತ ಅವಳು ಈಗಲೂ ತಮಾಷೆ ಮಾಡುತ್ತಾಳೆ.